ಬಿಲ್ ಸರಿ ಇತ್ತು, ಪೋರ್ಟಲ್‌ನಲ್ಲಿ ಮಾತ್ರ ಬೇರೆಯವರ ಹೆಸರು

"ಸಪ್ಲೈಯರ್ ನಮ್ಮ ಜಿಎಸ್‌ಟಿ ನಂಬರನ್ನೂ ಮೊತ್ತವನ್ನೂ ತಪ್ಪು ಹಾಕಿ ಬಿಲ್ ಕೊಟ್ಟಿದ್ದಾರೆ. ಹಳೇ ಪರಿಚಯ. ಬೇಜಾರಾಗದ ಹಾಗೆ ಹೊಸ ಬಿಲ್ ಕೇಳೋದು ಹೇಗೆ?"

ಬೇಜಾರಾದರೆ ಆಗಲಿ ಬಿಡಿ. ನಾನೂ ಹೀಗೇ ನಯವಾಗಿ ಕೇಳಿ, ಹೊಸ ಬಿಲ್ ಇಸ್ಕೊಂಡು, 13,950 ರೂಪಾಯಿ ಕಳೆದುಕೊಂಡೆ.

ತುಮಕೂರಿನಲ್ಲಿ ನಮ್ಮದು ಗ್ರಿಲ್, ಗೇಟ್ ಮಾಡುವ ಸಣ್ಣ ವರ್ಕ್‌ಶಾಪ್. 2023ರ ಆಗಸ್ಟ್‌ನಲ್ಲಿ 1,250 ಕೆಜಿ ಆ್ಯಂಗಲ್ ತರಿಸಿದ್ದೆ, ಕೆಜಿಗೆ 62 ರೂಪಾಯಿ. ಅಂದರೆ 77,500, ಮೇಲೆ ಶೇ. 18ರಂತೆ 13,950 ತೆರಿಗೆ, ಒಟ್ಟು 91,450. ಬಿಲ್‌ನಲ್ಲಿ 1,520 ಕೆಜಿ ಎಂದು ಬಿದ್ದಿತ್ತು, ಒಟ್ಟು 1,11,203. ಜಿಎಸ್‌ಟಿ ನಂಬರೂ ನಮ್ಮದಲ್ಲ. ನಮ್ಮ ಕಡೆ ಮಂಜುನಾಥನ ಹೆಸರಿಟ್ಟ ಅಂಗಡಿಗಳಿಗೆ ಬರವಿಲ್ಲ ನೋಡಿ, ಕಂಪ್ಯೂಟರ್‌ನಲ್ಲಿ ಪಟ್ಟಿ ತೆರೆದ ಹುಡುಗ ಇನ್ನೊಬ್ಬ ಮಂಜುನಾಥನನ್ನು ಒತ್ತಿದ್ದ. ಹೀಗೆ ಆಗೋದೇ ಜಾಸ್ತಿ. ಹದಿನೈದು ಅಕ್ಷರದಲ್ಲಿ ಕೊನೆಯದು ತಾಳೆ ನೋಡುವುದಕ್ಕೇ ಇರುವುದು, ಒಂದಂಕಿ ಅದಲುಬದಲಾದರೆ ಪೋರ್ಟಲ್ ಸಾಮಾನ್ಯವಾಗಿ ತಗೊಳ್ಳೋದಿಲ್ಲ. ಹಾಗಾಗಿ ತಪ್ಪು ನಂಬರ್ ಒಳಗೆ ಹೋಗಿದೆ ಎಂದರೆ ಅದು ಬಹುತೇಕ ಇನ್ಯಾರದೋ ನಿಜವಾದ ನಂಬರ್.

ನಾನು ಸೆಪ್ಟೆಂಬರ್ 20ರ ಹೊತ್ತಿಗೆ ಫೋನ್ ಮಾಡಿದೆ. "ಅದಕ್ಕೇನು ಯಜಮಾನ್ರೇ, ಈಗಲೇ ಕಳಿಸ್ತೀನಿ" ಅಂದರು. ಹತ್ತು ನಿಮಿಷದಲ್ಲಿ ವಾಟ್ಸಾಪ್‌ಗೆ ಪಿಡಿಎಫ್ ಬಂತು. ಅದೇ ಬಿಲ್ ನಂಬರ್, ಅದೇ ತಾರೀಖು, ನಂಬರ್ ನಮ್ಮದು, 1,250 ಕೆಜಿ. ಪ್ರಿಂಟ್ ತೆಗೆದು ಫೈಲ್‌ಗೆ ಹಾಕಿ 91,450 ಕಟ್ಟಿಬಿಟ್ಟೆ.

ಎಡವಿದ್ದು ಇಲ್ಲೇ. ಅದೇ ನಂಬರ್, ಅದೇ ತಾರೀಖು ಎಂದಾಗಲೇ ನನಗೆ ಅನುಮಾನ ಬರಬೇಕಿತ್ತು. GSTR-1 ಅಂದರೆ ಮಾರುವವರು ಪೋರ್ಟಲ್‌ಗೆ ಕೊಡುವ ಮಾರಾಟದ ಪಟ್ಟಿ. ಆಗಸ್ಟ್ ತಿಂಗಳದ್ದನ್ನು ಸಪ್ಲೈಯರ್ ಸೆಪ್ಟೆಂಬರ್ 11ರೊಳಗೇ ಸಲ್ಲಿಸಿ ಆಗಿತ್ತು. ಅದರಲ್ಲಿ ನನ್ನ ಬಿಲ್ ಆ ಇನ್ನೊಬ್ಬ ಮಂಜುನಾಥನ ಲೆಕ್ಕಕ್ಕೆ, 1,520 ಕೆಜಿಗೇ ಹೋಗಿತ್ತು. ಆಮೇಲೆ ತಮ್ಮ ಕಂಪ್ಯೂಟರ್‌ನಲ್ಲಿ ಬಿಲ್ ತಿದ್ದಿ ಪ್ರಿಂಟ್ ಹೊಡೆದರೆ ಕಾಗದ ಬದಲಾಗುತ್ತೆ, ಪೋರ್ಟಲ್‌ನಲ್ಲಿರೋದು ಹಾಗೇ ಇರುತ್ತೆ. ನಮಗೆ ತೆರಿಗೆ ಕ್ರೆಡಿಟ್ ಸಿಗಬೇಕಾದರೆ ಬಿಲ್ ನಮ್ಮ GSTR-2Bಯಲ್ಲಿ, ಅಂದರೆ ಪೋರ್ಟಲ್ ತಯಾರಿಸುವ ನಮ್ಮ ಖರೀದಿ ಪಟ್ಟಿಯಲ್ಲಿ ಕಾಣಬೇಕು. ಅದು ಪ್ರತಿ ತಿಂಗಳು 14ಕ್ಕೆ ಬರುತ್ತೆ. ನಾನು ಒಂದು ಸಲವೂ ತೆರೆದು ನೋಡಲಿಲ್ಲ, ಫೈಲ್‌ನಲ್ಲಿ ಬಿಲ್ ಇದೆಯಲ್ಲ ಅಂತ. ಆಡಿಟರ್ ಹಿಡಿದದ್ದು 2024ರ ಡಿಸೆಂಬರ್‌ನಲ್ಲಿ. ಆ ಹಣಕಾಸು ವರ್ಷದ ಬಿಲ್ ತಿದ್ದಲು, ಕ್ರೆಡಿಟ್ ತಗೊಳ್ಳಲು ನವೆಂಬರ್ 30 ಕೊನೆ ದಿನ. ಕೆಲವೇ ದಿನ ತಡ.

ಆದ್ದರಿಂದ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅಂತೀನಿ. ಹೊಸ ಬಿಲ್ ಕೇಳಬೇಡಿ, "ಈ ಬಿಲ್ GSTR-1ಗೆ ಹೋಗಿದೆಯಾ?" ಅಂತ ಮೊದಲು ಕೇಳಿ. ಹೋಗಿಲ್ಲವೆಂದರೆ ಸುಲಭ: ಹಳೆಯದನ್ನು ರದ್ದು ಮಾಡಿ ಹೊಸ ನಂಬರಿನ ಬಿಲ್ ಕೊಡಲಿ. ಇ-ಇನ್‌ವಾಯ್ಸ್ ಆದರೆ ಮಾತ್ರ ಪೋರ್ಟಲ್‌ನಲ್ಲಿ ರದ್ದು ಮಾಡಲು 24 ಗಂಟೆ ಅಷ್ಟೇ, ಹಳೇ ನಂಬರ್ ಮತ್ತೆ ಬಳಸಲು ಬರಲ್ಲ.

ಹೋಗಿದ್ದರೆ ಎರಡು ಕೆಲಸ. ಅವರು ಮುಂದಿನ GSTR-1ರ 9A ಕೋಷ್ಟಕದಲ್ಲಿ ಹಳೇ ಬಿಲ್ ನಂಬರ್, ತಾರೀಖು ತೋರಿಸಿ ನಿಮ್ಮ ಜಿಎಸ್‌ಟಿ ನಂಬರ್ ತಿದ್ದಬೇಕು. ಜಾಸ್ತಿ ಬಿದ್ದ ಮೊತ್ತಕ್ಕೆ ಕ್ರೆಡಿಟ್ ನೋಟ್ ಕೊಡಬೇಕು. ನನ್ನ ಲೆಕ್ಕದಲ್ಲಿ ಅದು 270 ಕೆಜಿಯದ್ದು, 16,740 ಮತ್ತು ತೆರಿಗೆ 3,013. ಮೊತ್ತ ಕಡಿಮೆ ಬಿದ್ದಿದ್ದರೆ ಡೆಬಿಟ್ ನೋಟ್. ಸಲ್ಲಿಸಿದ GSTR-1 ಅನ್ನು ಅದೇ ತಿಂಗಳಿಗೆ ತಿದ್ದೋಕೆ 2024ರ ಜುಲೈಯಿಂದ GSTR-1A ಬಂದಿದೆಯಲ್ಲ, ಅದರಲ್ಲೇ ಮಾಡೋಣ ಎಂದರೆ ಒಪ್ಪಬೇಡಿ. ಅದರಲ್ಲಿ ಕೊಳ್ಳುವವರ ನಂಬರ್ ತಿದ್ದಲು ಬರಲ್ಲ.

ಫೋನ್ ಬೇಡ, ಬರೆದು ಕಳಿಸಿ. ನಾನೀಗ ಕಳಿಸೋದು ಹೀಗೆ: "ಶೆಟ್ರೇ, ಇಂಥ ನಂಬರಿನ, ಇಂಥ ತಾರೀಖಿನ ಬಿಲ್‌ನಲ್ಲಿ ನಮ್ಮ ಜಿಎಸ್‌ಟಿ ನಂಬರ್ ತಪ್ಪಿದೆ, ಸರಿಯಾದದ್ದು ಇದು. ತೂಕ 1,520 ಅಲ್ಲ, 1,250. ವೇಬ್ರಿಡ್ಜ್ ಚೀಟಿ ಜೊತೆಗಿದೆ. 9Aಯಲ್ಲಿ ಯಾವ ತಿಂಗಳು ತಿದ್ದುತ್ತೀರಿ ತಿಳಿಸಿ. 2Bಯಲ್ಲಿ ಕಂಡ ದಿನ ಬಾಕಿ ಹಾಕ್ತೀನಿ." ತೆರಿಗೆಯಷ್ಟು ದುಡ್ಡು ತಡೆಹಿಡಿದರೆ ಸಾಕು, ಮಾಲಿನ ದುಡ್ಡು ಕೊಟ್ಟುಬಿಡಿ.

ಆ ಇನ್ನೊಬ್ಬ ಮಂಜುನಾಥನ ಅಂಗಡಿಗೂ ಹೋಗಿದ್ದೆ. ಪಾಪ, ಒಳ್ಳೆಯವರು, ಟೀ ಕೊಟ್ಟರು. 2B ತೆರೆದು ತೋರಿಸಿದರು. ನನ್ನ 1,520 ಕೆಜಿ ಆ್ಯಂಗಲ್ ಅಲ್ಲೇ ಕೂತಿತ್ತು. "ನಮ್ಮದಲ್ಲ ಅಂತ ಬಿಟ್ಟಿದ್ವಿ ಸಾರ್, ಯಾರದು ಅಂತ ಗೊತ್ತಾಗಲಿಲ್ಲ" ಅಂದರು.