ರಿಕ್ರೂಟರ್ ಕೇಳುವ ಆ ಮೂರು ಪ್ರಶ್ನೆಗಳಿಗೆ ಏನಂತ ಬರೆಯಬೇಕು?

ಪ್ರಶ್ನೆ: ರಿಕ್ರೂಟರ್ ಮೇಲ್ ಮಾಡಿ ಈಗಿನ ಸಂಬಳ, ಕೆಲಸ ಬಿಡಲು ಕಾರಣ, ಯಾವಾಗ ಸೇರ್ತೀರಿ ಅಂತ ಕೇಳಿದ್ದಾರೆ. ಬೋನಸ್ ಸೇರಿಸಿ ಹೇಳಬೇಕಾ? ನನಗೆ 60 ದಿನದ ನೋಟಿಸ್ ಇದೆ.

ಉತ್ತರ: ನೇಮಕಾತಿಯ ಕೆಲಸ ಮಾಡಿದ್ದೇನೆ, ಹಾಗಾಗಿ ಆ ಕಡೆ ಏನಾಗುತ್ತದೆಂದು ಹೇಳಬಲ್ಲೆ. ನಿಮ್ಮ ಉತ್ತರ ಸಾಮಾನ್ಯವಾಗಿ ಒಂದು ಎಕ್ಸೆಲ್ ಸಾಲಿಗೆ ಹೋಗುತ್ತದೆ. ಮ್ಯಾನೇಜರ್ ನೋಡುವುದು ಆ ಸಾಲನ್ನೇ, ನಿಮ್ಮ ಮೇಲ್ ಅನ್ನಲ್ಲ.

ಬೋನಸ್ ಹೇಳಿ, ಆದರೆ ಬಿಡಿಸಿ ಹೇಳಿ. ನಿಮ್ಮ ಒಟ್ಟು ಪ್ಯಾಕೇಜ್ 12 ಲಕ್ಷ ಅಂದುಕೊಳ್ಳೋಣ. ಅದರಲ್ಲಿ ಫಿಕ್ಸೆಡ್ 9.6, ಬೋನಸ್ ಹೆಚ್ಚೆಂದರೆ 1.8, ಉಳಿದ 0.6 ಕಂಪನಿ ಕಟ್ಟುವ ಪಿಎಫ್, ವಿಮೆ ಇತ್ಯಾದಿ. ಬರೀ "12" ಅಂತ ಬರೆದರೆ ನಾಳೆ 13ರ ಆಫರ್ ಬಂದು, ಅದರಲ್ಲಿ ಫಿಕ್ಸೆಡ್ 9.4 ಇದ್ದರೂ ಕಾಗದದ ಮೇಲೆ ಅದು ಏರಿಕೆಯೇ. ತಿಂಗಳ ಸಂಬಳ ಮಾತ್ರ ಇಳಿದಿರುತ್ತದೆ. ಅದಕ್ಕೇ ಹೀಗೆ ಬರೆಯಿರಿ: "ಫಿಕ್ಸೆಡ್ 9.6 ಲಕ್ಷ, ಬೋನಸ್ ಗರಿಷ್ಠ 1.8, ಕಳೆದ ವರ್ಷ ಕೈಗೆ ಬಂದದ್ದು 1.2. ನಿರೀಕ್ಷೆ ಫಿಕ್ಸೆಡ್‌ನಲ್ಲೇ 12ರಿಂದ 13." ನಿರೀಕ್ಷೆಯನ್ನೂ ಫಿಕ್ಸೆಡ್ ಲೆಕ್ಕದಲ್ಲೇ ಹೇಳಿದರೆ ಮುಂದಿನ ಮಾತುಕತೆ ಅದರ ಮೇಲೇ ನಡೆಯುತ್ತದೆ.

ಅಂಕಿ ಉಬ್ಬಿಸಬೇಡಿ. ಎಷ್ಟೋ ಕಡೆ ಆಫರ್‌ಗೆ ಮುಂಚೆ ಪೇಸ್ಲಿಪ್ ಕೇಳುತ್ತಾರೆ, ಅಲ್ಲಿ ತಾಳೆಯಾಗದಿದ್ದರೆ ಮಾತು ಅಲ್ಲಿಗೇ ನಿಂತೀತು. ಹೇಳಲು ಇಷ್ಟವಿಲ್ಲದಿದ್ದರೆ ಈಗಿನದನ್ನು ಬಿಟ್ಟು ನಿರೀಕ್ಷೆಯನ್ನಷ್ಟೇ ಕೊಟ್ಟು, ಈ ಹುದ್ದೆಗೆ ಅವರ ಬಜೆಟ್ ಎಷ್ಟೆಂದು ಕೇಳಿ. ಕೆಲವರು ಒಪ್ಪುವುದಿಲ್ಲ, ಫಾರ್ಮ್‌ನಲ್ಲಿ ಆ ಕಾಲಂ ಕಡ್ಡಾಯವಾಗಿರುತ್ತದೆ.

ಕಾರಣಕ್ಕೆ ಒಂದೇ ವಾಕ್ಯ ಸಾಕು: "ಈಗ ನನ್ನದು ಸಪೋರ್ಟ್ ಕೆಲಸ, ಡೆವಲಪ್‌ಮೆಂಟ್‌ಗೆ ಬರಬೇಕೆಂದಿದ್ದೇನೆ." ಮ್ಯಾನೇಜರ್ ಜೊತೆ ಜಗಳವಿದ್ದರೆ ಅದು ಇಲ್ಲಿ ಬೇಡ. ಹಾಗಂತ ಸುಳ್ಳು ಕಾರಣವೂ ಬೇಡ, ಇಂಟರ್‌ವ್ಯೂನಲ್ಲಿ ಇದನ್ನೇ ಮತ್ತೆ ಕೇಳುತ್ತಾರೆ, ಆಗ ಬೇರೆ ಉತ್ತರ ಬಂದರೆ ಗೊತ್ತಾಗಿಬಿಡುತ್ತದೆ.

ಮೂರನೆಯದರಲ್ಲಿ ಜನ ಎಡವುವುದು ಹೆಚ್ಚು. 60 ದಿನ ಎಣಿಕೆಯಾಗುವುದು ಮೇಲ್ ಬರೆದ ದಿನದಿಂದಲ್ಲ, ರಾಜೀನಾಮೆ ಕೊಟ್ಟ ದಿನದಿಂದ. ರಾಜೀನಾಮೆ ಕೊಡುವುದು ಆಫರ್ ಲೆಟರ್ ಕೈಗೆ ಬಂದ ಮೇಲೆ. ಮಾರ್ಚ್ 10ಕ್ಕೆ ಕೊಟ್ಟರೆ ಮೇ 10ರ ಸುಮಾರಿಗೆ ಸೇರಬಹುದು. "ನೋಟಿಸ್ 60 ದಿನ, ಇನ್ನೂ ರಾಜೀನಾಮೆ ಕೊಟ್ಟಿಲ್ಲ" ಅಂತಲೇ ಬರೆಯಿರಿ. ಬೇಗ ಬಿಡುಗಡೆ ಸಿಗಬಹುದು ಅನ್ನುವುದನ್ನು, ನಿಮ್ಮ ಒಪ್ಪಂದದಲ್ಲಿ ನೋಟಿಸ್ ಬೈಔಟ್, ಅಂದರೆ ಉಳಿದ ನೋಟಿಸ್ ದಿನಗಳಿಗೆ ದುಡ್ಡು ಕಟ್ಟಿ ಬೇಗ ಹೊರಡುವ ಅವಕಾಶ ಇದೆಯೇ, ಅದಕ್ಕೆ ಕಂಪನಿಯ ಒಪ್ಪಿಗೆ ಬೇಕೇ ಎಂದು ಓದಿಕೊಂಡ ಮೇಲಷ್ಟೇ ಸೇರಿಸಿ. ಬೈಔಟ್ ದುಡ್ಡು ಯಾರು ಕೊಡುತ್ತಾರೆ ಅನ್ನುವ ಮಾತನ್ನು ಆಫರ್ ಹಂತಕ್ಕೆ ಬಿಡಿ.