ಲೇಆಫ್ ಆದ ಮೇಲೆ ರಿಕ್ರೂಟರ್‌ಗೆ ಬರೆಯುವ ಮೆಸೇಜ್

ಲೇಆಫ್ ಆಗಿದೆ, ತಕ್ಷಣ ಸೇರಬಲ್ಲೆ ಅಂತ ರಿಕ್ರೂಟರ್‌ಗೆ ಹೇಗೆ ಬರೆಯಲಿ?

ಸುಮ್ನೆ ‘ಇಮ್ಮಿಡಿಯೇಟ್ ಜಾಯ್ನರ್’ ಅಂತ ಬರೆದು ನಿಲ್ಲಿಸಬೇಡಿ. ಹಿಂದಿನ ಕೆಲಸದ ಕೊನೆಯ ದಿನ ಯಾವುದು, ಆಫರ್ ಬಂದ ಎಷ್ಟು ದಿನಕ್ಕೆ ಸೇರುತ್ತೀರಿ ಅನ್ನುವುದನ್ನು ಮೊದಲ ಸಾಲುಗಳಲ್ಲೇ ಹೇಳಿ. ಇನ್ನೂ ನೋಟಿಸ್ ಪೀರಿಯಡ್‌ನಲ್ಲಿ ಇರುವವರೂ ಆ ಪದ ಬಳಸುತ್ತಾರೆ. ಹಾಗಾಗಿ ರಿಕ್ರೂಟರ್ ನಂಬುವುದು ತಾರೀಖನ್ನೇ.

ಹೀಗೆ ಬರೆಯಬಹುದು:

“ನಮಸ್ಕಾರ. ಕಂಪನಿ ನಮ್ಮ ಇಡೀ ಟೆಸ್ಟಿಂಗ್ ಟೀಮನ್ನು ಲೇಆಫ್ ಮಾಡಿದೆ. ಜೂನ್ 14 ನನ್ನ ಕೊನೆಯ ದಿನವಾಗಿತ್ತು, ರಿಲೀವಿಂಗ್ ಲೆಟರ್ ಕೈಯಲ್ಲಿದೆ. ಆಫರ್ ಬಂದ 3 ದಿನದಲ್ಲಿ ಸೇರಬಲ್ಲೆ. ಪೇಮೆಂಟ್ ಆ್ಯಪ್‌ಗಳ ಟೆಸ್ಟಿಂಗ್‌ನಲ್ಲಿ 5 ವರ್ಷದ ಅನುಭವ ಇದೆ. ನಿಮ್ಮ ಟೆಸ್ಟರ್ ಹುದ್ದೆಗೆ ರೆಸ್ಯೂಮೆ ಕಳಿಸಿದ್ದೇನೆ.”

ಲೇಆಫ್ ಬಗ್ಗೆ ಒಂದೇ ಸಾಲು ಸಾಕು. ಬೇಸರವನ್ನು ಇಲ್ಲಿ ತೋಡಿಕೊಂಡರೆ ನಿಮ್ಮ ಅನುಭವ ಕೆಳಗೆ ಹೋಗಿಬಿಡುತ್ತದೆ, ಅಲ್ವಾ?

ಒಂದು ಕಡೆ ಜಾಸ್ತಿ ಜನ ಎಡವುತ್ತಾರೆ. ಕೆಲಸ ನಿಂತಿದ್ದರೂ ಕೆಲವು ಕಂಪನಿಗಳು ತಿಂಗಳ ಕೊನೆವರೆಗೆ ಸಂಬಳದ ಪಟ್ಟಿಯಲ್ಲಿ ಹೆಸರು ಉಳಿಸಿಕೊಳ್ಳುತ್ತವೆ. ಆಗ ಲೆಟರ್‌ನಲ್ಲಿರುವ ಕೊನೆಯ ತಾರೀಖಿನ ಮರುದಿನದಿಂದ ಸೇರಬಲ್ಲೆ ಅಂತಲೇ ಬರೆಯಿರಿ. ಇಲ್ಲದಿದ್ದರೆ ಎರಡು ಕೆಲಸ ಒಂದೇ ಸಮಯದಲ್ಲಿ ಇದ್ದ ಹಾಗೆ ಕಂಡು, ಹಿನ್ನೆಲೆ ಪರಿಶೀಲನೆ ವೇಳೆ ಪ್ರಶ್ನೆ ಏಳುತ್ತದೆ.