ಹಿಂದಿಯಲ್ಲಿ ನಿನ್ನೆಗೂ ‘ಕಲ್’, ನಾಳೆಗೂ ‘ಕಲ್’. ಗೊಂದಲ ಆಗಲ್ವಾ?

ಜಾಸ್ತಿ ಆಗುವುದಿಲ್ಲ. ಯಾವ ದಿನ ಎಂದು ಹೇಳುವ ಕೆಲಸ ಕ್ರಿಯಾಪದದ್ದು. ‘ಕಲ್ ಆಯಾ ಥಾ’ ಅಂದರೆ ನಿನ್ನೆ ಬಂದಿದ್ದ. ‘ಕಲ್ ಆಯೇಗಾ’ ಅಂದರೆ ನಾಳೆ ಬರುತ್ತಾನೆ. ‘ಕಲ್ ಜಾ ರಹಾ ಹೂಂ’ ಅಂದರೂ ನಾಳೆಯೇ, ಏಕೆಂದರೆ ‘ಹೂಂ’ ಹಿಂದಿನದಕ್ಕೆ ಹೊಂದುವುದಿಲ್ಲ. ಉರ್ದುವಿನಲ್ಲೂ ಇದೇ ಕಥೆ. ‘ಪರಸೋಂ’ ಕೂಡ ಹೀಗೆಯೇ: ಮೊನ್ನೆಯೂ ಹೌದು, ನಾಡಿದ್ದೂ ಹೌದು.

‘ಕಲ್’ ಬಂದಿದ್ದು ಬೆಳಗಿನ ಹೊತ್ತು ಎಂಬ ಅರ್ಥದ ಸಂಸ್ಕೃತದ ‘ಕಲ್ಯ’ದಿಂದ. ಇಂಗ್ಲಿಷಿನ ‘ಟುಮಾರೋ’ದಲ್ಲೂ ಬೆಳಗು ಅಡಗಿದೆ.

ಎಡವಟ್ಟಾಗುವುದು ‘ಮುಝೇ ಕಲ್ ದಿಲ್ಲಿ ಜಾನಾ ಥಾ’ ಥರದ ಮಾತಿನಲ್ಲಿ. ‘ಥಾ’ ಇದೆ, ಹಾಗಾದರೆ ನಿನ್ನೆ ಅಲ್ವಾ? ಆಗಬೇಕೆಂದಿಲ್ಲ. ನಾಳೆ ಹೋಗುವುದಿತ್ತು, ಈಗ ರದ್ದಾಯಿತು ಎನ್ನುವಾಗಲೂ ಇದೇ ವಾಕ್ಯ. ಮುಂದಿನ ಮಾತು ಕೇಳಬೇಕು. ‘ಟಿಕೆಟ್ ಕ್ಯಾನ್ಸಲ್ ಕರ್ ದೋ’ ಅಂದರೆ ಹೊರಡುವ ದಿನ ಇನ್ನೂ ಬಂದಿಲ್ಲ.

ಕ್ರಿಯಾಪದವೇ ಇಲ್ಲದ ‘ಕಲ್ ಕಾ ಮ್ಯಾಚ್’ ಕೂಡ ಹಾಗೆಯೇ. ಅನುಮಾನ ಬಂದರೆ ಹಿಂದಿ ಮಾತಾಡುವವರೂ ಸುಮ್ನೆ ಕೇಳಿಬಿಡುತ್ತಾರೆ, ಇಲ್ಲವೇ ನಾಳೆಗೆ ‘ಆನೇವಾಲಾ ಕಲ್’, ನಿನ್ನೆಗೆ ‘ಬೀತಾ ಹುವಾ ಕಲ್’ ಎಂದು ಬಿಡಿಸಿ ಹೇಳುತ್ತಾರೆ.